ದೀಪದ ಕೆಳಗಿನ ಟೈಲು

ನಮ್ಮ ದೇವರಮನೆಯಲ್ಲಿ ದೀಪದ ಕಂಬ ನಿಂತಿರುವ ಟೈಲನ್ನು ನೆಲ ಒರೆಸುವಾಗ ನಾನೇ ಒರೆಸುತ್ತೇನೆ. ಕೆಲಸದವಳಿಗೆ ಬಿಡುವುದಿಲ್ಲ. ಇದು ಭಕ್ತಿ ಅಂತ ನಮ್ಮ ಯಜಮಾನರು ತಿಳಿದುಕೊಂಡಿದ್ದಾರೆ. ಭಕ್ತಿ ಸ್ವಲ್ಪ ಇರಬಹುದು, ಆದರೆ ಅದಕ್ಕಿಂತ ಹೆಚ್ಚು ಇರುವುದು ನಾಚಿಕೆ. ಅದಕ್ಕಿಂತಲೂ ಹೆಚ್ಚಾಗಿ ಇನ್ನೊಂದಿದೆ, ಅದನ್ನು ಹೇಳೋದಕ್ಕೇ ಇಷ್ಟೆಲ್ಲ ಬರೆಯುತ್ತಾ ಇದೀನಿ.

ನಾನು ಚಿಂತಾಮಣಿಯ ಸರ್ಕಾರಿ ಹೈಸ್ಕೂಲಲ್ಲಿ ಗಣಿತದ ಟೀಚರು. ಇಪ್ಪತ್ತಾರು ವರ್ಷ ಆಯ್ತು. ನನ್ನ ಬಾಯಿ ಬೊಂಬಾಯಿ ಅಂತ ಸ್ಟಾಫ್ ರೂಮಲ್ಲಿ ಹೆಸರು. ಸುಳ್ಳಲ್ಲ. ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡು ಕೂರೋದು ನನ್ನ ಜಾತಕದಲ್ಲೇ ಇಲ್ಲ. ಅಂಥವಳು ಒಂದು ಸಲ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ, ಅದೂ ತಪ್ಪು ನನ್ನದೇ ಆಗಿದ್ದಾಗ.

ಅಂಬಾಜಿದುರ್ಗದ ಕಡೆಗೆ ಮುಖ ಮಾಡಿರುವ ಸೈಟಿನಲ್ಲಿ ನಾವು ಮನೆ ಕಟ್ಟಿದ್ದು ಮೂರು ವರ್ಷದ ಹಿಂದೆ. ಗೋಡೆ, ಛಾವಣಿ, ಸಾರಣೆ ಎಲ್ಲ ಮುಗಿದು ಟೈಲ್ಸ್ ಕೆಲಸಕ್ಕೆ ಬರೋ ಹೊತ್ತಿಗೆ ಮೇ ತಿಂಗಳು. ಶಾಲೆಗೆ ರಜ. ನಾನು ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಟ್ಟಡದಲ್ಲೇ ಕೂರುತ್ತಿದ್ದೆ. ಕೆಲಸದವರ ಮೇಲೆ ಕಣ್ಣಿಡಬೇಕು ಅಂತ ನೆಂಟರೆಲ್ಲ ಹೇಳಿಕೊಟ್ಟಿದ್ದರು, ನಾನು ಪರೀಕ್ಷೆ ಹಾಲಿನಲ್ಲಿ ಕೂರುವ ಹಾಗೇ ಕೂತಿದ್ದೆ.

ಟೈಲ್ಸ್ ಮೇಸ್ತ್ರಿ ಶಿಡ್ಲಘಟ್ಟದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಐವತ್ತೈದು ದಾಟಿದ ಮುಸ್ಲಿಂ ಮನುಷ್ಯ, ಸಣ್ಣಗೆ, ಮಂಡಿ ಎರಡೂ ಕಪ್ಪಗೆ ಕಾಯಿ ಕಟ್ಟಿದ್ದವು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಲ್ಲಿ ಆಡೋರು. ಜೊತೆಗೆ ಗಾರೆ ಕಲಸಿ ಕೊಡುವುದಕ್ಕೆ ಒಬ್ಬ ಹೆಂಗಸು. ಮೊದಲ ದಿನ ಬಂದರು, ಮನೆಯೆಲ್ಲ ಬರಿಗಾಲಲ್ಲಿ ಒಂದು ಸುತ್ತು ಹಾಕಿದರು. ಸಾಯಂಕಾಲದವರೆಗೂ ಒಂದೇ ಒಂದು ಟೈಲು ಕೂರಿಸಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಬಂದಿದ್ದು ಹತ್ತು ಗಂಟೆಗೆ, ಮಾಡಿದ್ದೇನು ಅಂತ ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಮಟ್ಟ ಹಿಡಿಯೋದು ಮುಗಿದ ಮೇಲೆ ಕೆಲಸ ಅರ್ಧ ಮುಗೀತು ಟೀಚರಮ್ಮ ಅಂದರು, ಮತ್ತೆ ತಮ್ಮ ಪಾಡಿಗೆ ತಾವು.

ಮಟ್ಟ ಹಿಡಿದದ್ದು ಹೇಗೆ ಅಂತೀರಾ? ಉದ್ದನೆಯ ತೆಳು ಪ್ಲಾಸ್ಟಿಕ್ ಪೈಪು, ಅದರ ತುಂಬ ನೀರು. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತೆ ಅಂತ ಪೈಪನ್ನು ಎತ್ತಿ ಇಳಿಸಿ ಗುಳ್ಳೆಗಳನ್ನೆಲ್ಲ ಹೊರಗೆ ಕಳಿಸಿದರು. ಪೈಪಿನ ಒಂದು ತುದಿ ಮುಂಬಾಗಿಲ ಹತ್ತಿರ, ಇನ್ನೊಂದು ತುದಿ ಅಡಿಗೆಮನೆ ಮೂಲೆಯಲ್ಲಿ. ನೀರು ಎರಡು ತುದಿಯಲ್ಲೂ ಏರಿ ಇಳಿದು ತೂಗಾಡಿ, ಕೊನೆಗೆ ನಿಂತಿತು. ನಿಂತ ಕಡೆ ಗೋಡೆಗೆ ಪೆನ್ಸಿಲ್ ಗೆರೆ. ಹೀಗೆ ಪ್ರತಿ ಕೋಣೆಯ ಪ್ರತಿ ಮೂಲೆಗೂ. ನಡುವೆ ಗೋಡೆಗಳಿವೆ, ಒಂದು ಮೂಲೆಗೆ ಇನ್ನೊಂದು ಮೂಲೆ ಕಾಣೋದಿಲ್ಲ, ಆದರೂ ಎಲ್ಲ ಗೆರೆಗಳೂ ಒಂದೇ ಎತ್ತರದಲ್ಲಿ. ಆಮೇಲೆ ಆ ಗೆರೆಯಿಂದ ಕೆಳಕ್ಕೆ ಅಳೆದರು. ಕಾಂಕ್ರೀಟು ನೆಲ ಹಾಲಿನ ಒಂದು ಮೂಲೆಯಲ್ಲಿ ಮುಕ್ಕಾಲು ಇಂಚು ತಗ್ಗಿತ್ತು. ಅದರ ಮೇಲೆ ತಿಂಗಳುಗಟ್ಟಲೆ ಓಡಾಡಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ.

ಇನ್ನೊಂದು ಮಾಡಿದರು. ಮುಂಬಾಗಿಲ ಹತ್ತಿರ ದಾರ ಕಟ್ಟಿ, ಒಂದು ಕಡೆ ಆರಡಿ, ಅಡ್ಡಕ್ಕೆ ಎಂಟಡಿ ಗುರುತು ಹಾಕಿ, ಎರಡು ಗುರುತಿನ ನಡುವೆ ಟೇಪು ಹಿಡಿದು ಹತ್ತಡಿ ಬರುವ ತನಕ ದಾರವನ್ನು ಜರುಗಿಸುತ್ತಾ ಹೋದರು. ನಾನು ಕುರ್ಚಿಯಿಂದ ಎದ್ದು ನಿಂತೆ. ಹತ್ತನೇ ಕ್ಲಾಸಿಗೆ ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಬರೆದು ಸುಸ್ತಾಗಿರುವ ಲಂಬಕೋನ ತ್ರಿಭುಜದ ಪ್ರಮೇಯ ಅದು. ಯಾರು ಹೇಳಿಕೊಟ್ಟರು ಅಂತ ಕೇಳಿದೆ. ನಮ್ಮ ಉಸ್ತಾದ್ ಅಂದರು. ಅವರಿಗೆ ಯಾರು ಅಂದೆ. ಅವರ ಉಸ್ತಾದ್. ಲೆಕ್ಕವನ್ನು ಕಾಗದದ ಮೇಲೆ ಮಾತ್ರ ನೋಡಿದ್ದವಳು ಅದು ನೆಲಕ್ಕಿಳಿದು ಕೆಲಸ ಮಾಡೋದನ್ನು ಅವತ್ತೇ ಮೊದಲು ನೋಡಿದ್ದು.

ಮಾರನೆ ದಿನದಿಂದ ಜಗಳ ಬೇರೆ ವಿಷಯಕ್ಕೆ. ನಮ್ಮ ಟೈಲು ಎರಡಡಿಗೆ ಎರಡಡಿಯದು. ಟೈಲಿಗೂ ಟೈಲಿಗೂ ನಡುವೆ ಅವರು ಎರಡು ಮಿಲಿಮೀಟರ್ ಸಂದು ಬಿಡಬೇಕು ಅಂದರು. ನನಗೆ ಸಂದೇ ಬೇಡ. ಅಕ್ಕಪಕ್ಕದವರ ಮನೆಯಲ್ಲಿ ಸಂದಿಲ್ಲದೆ ಕೂರಿಸಿ ಒಂದೇ ಹಾಸಿನ ಹಾಗೆ ಹೊಳೆಯುತ್ತಿತ್ತು. ಸಂದು ಬಿಟ್ಟರೆ ಕೊಳೆ ಕೂರುತ್ತೆ, ಇರುವೆ ಸಾಲು ಹಿಡಿಯುತ್ತೆ ಅಂತ ವಾದ ಮಾಡಿದೆ. ಅವರು ಒಪ್ಪಲಿಲ್ಲ. ಬಿಸಿಲಿಗೆ ನೆಲ ಹಿಗ್ಗುತ್ತೆ, ಜಾಗ ಇಲ್ಲದಿದ್ದರೆ ಒಂದನ್ನೊಂದು ತಳ್ಳಿ ಮೇಲಕ್ಕೆದ್ದು ಬಿಡುತ್ತೆ, ಅಲ್ಲದೆ ಟೈಲುಗಳೇ ಒಂದರ ಹಾಗೆ ಒಂದಿರೋದಿಲ್ಲ, ಕೂದಲೆಳೆ ವ್ಯತ್ಯಾಸವನ್ನು ಈ ಸಂದೇ ನುಂಗಿಕೊಳ್ಳಬೇಕು ಅಂದರು. ನಾನು ಲೆಕ್ಕ ಹಾಕಿದೆ: ಇಪ್ಪತ್ತೆರಡು ಅಡಿ ಹಾಲಿಗೆ ಹನ್ನೊಂದು ಟೈಲು, ಹತ್ತು ಸಂದು, ಒಟ್ಟು ಎರಡು ಸೆಂಟಿಮೀಟರು, ಕೊನೆಯ ಟೈಲನ್ನು ಕತ್ತರಿಸಬೇಕಾಗುತ್ತೆ. ಅದನ್ನು ಅವರು ಆಗಲೇ ಮನಸ್ಸಲ್ಲಿ ಹಾಕಿಟ್ಟುಕೊಂಡಿದ್ದರು. ಕತ್ತರಿಸಿದ್ದು ಸೋಫಾ ಹಿಂದೆ ಬರುತ್ತೆ, ಬಾಗಿಲಲ್ಲಿ ಪೂರ್ತಿ ಟೈಲೇ ಕಾಣುತ್ತೆ ಅಂದರು. ಕೊನೆಗೆ ಒಂದು ಮಾತು ಸೇರಿಸಿದರು.

“ಸಂದು ಇದ್ರೆ ನಾಳೆ ಒಂದು ಟೈಲು ಕೆಟ್ರೆ ಒಂದನ್ನೇ ಎತ್ತಬಹುದು ಟೀಚರಮ್ಮ. ಇಲ್ದಿದ್ರೆ ಒಂದಕ್ಕೆ ನಾಲ್ಕು ಒಡೀಬೇಕು.”

ಕೆಡುವ ಮಾತು ಈಗಲೇ ಯಾಕಪ್ಪಾ ಆಡ್ತೀರಾ ಅಂತ ರೇಗಿದೆ. ಆದರೂ ಸಂದು ಬಿಟ್ಟರು. ಪ್ರತಿ ಮೂಲೆಗೂ ಸಣ್ಣ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸುತ್ತಾ ಹೋದರು. ನಾನು ಸೋತೆ.

ಕೆಲಸ ಶುರುವಾದ ಮೇಲೆ ನನಗೆ ಕಣ್ಣಿಡುವುದು ಮರೆತೇ ಹೋಯಿತು, ಕಣ್ಣು ಕೀಳುವುದಕ್ಕೇ ಆಗುತ್ತಿರಲಿಲ್ಲ. ನೆಲವನ್ನು ಗುಡಿಸಿ ನೀರು ಹೊಡೆದು, ಸಿಮೆಂಟಿನ ಹಾಲು ಸವರಿ, ಒಂದಕ್ಕೆ ಐದು ಮರಳು ಹಾಕಿದ ಸಿಮೆಂಟನ್ನು ಒಣದಾಗಿ ಕಲಸಿಸುತ್ತಿದ್ದರು. ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಉಂಡೆ ಆಗಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು. ಅದನ್ನು ಕರಣೆಯಿಂದ ಒಂದೂವರೆ ಇಂಚು ಹರವಿ, ಒತ್ತಿ, ದಾರದ ಮಟ್ಟಕ್ಕೆ ಹಲಗೆಯಲ್ಲಿ ಎಳೆದು, ಟೈಲನ್ನು ಸುಮ್ಮನೆ ಅದರ ಮೇಲಿಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು. ಕೂರಿಸಿ ಆಯ್ತು ಅಂತ ನಾನು ಅಂದುಕೊಂಡರೆ, ಮತ್ತೆ ಎತ್ತೋರು. ಎತ್ತಿ ಗಾರೆಯನ್ನು ನೋಡೋರು. ಟೈಲು ಮುಟ್ಟಿದ ಕಡೆ ನಯವಾಗಿರುತ್ತಿತ್ತು, ಮುಟ್ಟದ ಕಡೆ ಮರಳು ಹಾಗೇ ಒರಟಾಗಿರುತ್ತಿತ್ತು. ಒರಟಿನ ಮೇಲೆ ಚಿಟಿಕೆ ಚಿಟಿಕೆ ಗಾರೆ ಉದುರಿಸಿ ಮತ್ತೆ ಇಟ್ಟು, ಮತ್ತೆ ಎತ್ತಿ, ಪೂರ್ತಿ ನಯವಾದ ಮೇಲೆಯೇ ಸಿಮೆಂಟಿನ ಹಾಲು ಸುರಿದು ಟೈಲನ್ನು ಕೊನೆಯ ಸಲಕ್ಕೆ ಇಳಿಸೋರು. ಆಮೇಲೆ ನಡುವಿನಿಂದ ಅಂಚಿಗೆ ತಟ್ಟುವುದು, ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಂತಿದೆಯಾ ನೋಡುವುದು, ಪಕ್ಕದ ಟೈಲಿನ ಅಂಚಿಗೂ ಇದರ ಅಂಚಿಗೂ ಉಗುರು ಎಳೆದು ನೋಡುವುದು. ಒಂದು ಟೈಲಿಗೆ ಇಷ್ಟು. ನಾನು ಒಂದು ಲೆಕ್ಕವನ್ನು ಮಕ್ಕಳಿಗೆ ಇಷ್ಟು ತಾಳ್ಮೆಯಿಂದ ಎಂದೂ ಹೇಳಿಕೊಟ್ಟಿಲ್ಲ.

ಎರಡು ದಿನ ಅದರ ಮೇಲೆ ಯಾರೂ ಕಾಲಿಡುವ ಹಾಗಿಲ್ಲ. ಮೂರನೇ ದಿನ ಪರೀಕ್ಷೆ. ಜೇಬಿನಿಂದ ಹಳೆಯ ಒಂದು ರೂಪಾಯಿ ಬಿಲ್ಲೆ ತೆಗೆದು, ಮಂಡಿಯೂರಿ, ಪ್ರತಿ ಟೈಲಿನ ನಾಲ್ಕು ಮೂಲೆಗೂ ನಡುವಿಗೂ ಮೆಲ್ಲಗೆ ಬಡಿಯುತ್ತಾ ಹಿಂದಕ್ಕೆ ಹಿಂದಕ್ಕೆ ಸರಿಯೋರು. ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ ಸದ್ದು. ಎಲ್ಲಾದರೂ ಪೊಳ್ಳು ಉಳಿದಿದ್ದರೆ ಡಬ್ ಅನ್ನುತ್ತೆ. ಪೊಳ್ಳಿನ ಮೇಲೆ ಭಾರದ್ದೇನಾದರೂ ಬಿದ್ದರೆ ಟೈಲು ಒಡೆಯುತ್ತೆ ಅಂತ ಹೇಳಿದರು. ನನಗೂ ಕೇಳಿಸಲಿ ಅಂತ ಹಾಲಿನಲ್ಲಿ ಒಂದು ಟೈಲಿನ ನಡುವಿಗೊಮ್ಮೆ ಮೂಲೆಗೊಮ್ಮೆ ಬಡಿದರು, ನನಗೆ ಒಂದೇ ಥರ ಕೇಳಿಸಿತು. ಅವರು ತಲೆ ಅಲ್ಲಾಡಿಸಿ ಆ ಟೈಲನ್ನು ಎತ್ತಿದರು. ಮೂಲೆಯಲ್ಲಿ ನಾಲ್ಕು ಬೆರಳಷ್ಟು ಜಾಗಕ್ಕೆ ಗಾರೆ ಅಂಟಿರಲಿಲ್ಲ.

ಇಷ್ಟು ಸಣ್ಣ ಸದ್ದು ಹೇಗೆ ಗೊತ್ತಾಗುತ್ತೆ ಅಂತ ಟೀ ಕುಡಿಯುವಾಗ ಕೇಳಿದೆ. ಆಗ ಹೇಳಿದರು. ಮೊದಲು ಅವರು ರೀಲರ್ ಆಗಿದ್ದರಂತೆ, ಮನೆಯಲ್ಲೇ ಗೂಡಿನಿಂದ ರೇಷ್ಮೆ ನೂಲು ತೆಗೆಯೋ ಕೆಲಸ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ದಿನಾ ಹೋಗಿ ಹರಾಜಿಗಿಟ್ಟ ರಾಶಿಯ ಮುಂದೆ ನಿಂತು, ಒಂದು ರೇಷ್ಮೆಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದು. ಒಳಗಿನ ಹುಳು ಚೆನ್ನಾಗಿದ್ದರೆ ಒಂದು ಸದ್ದು. ಸತ್ತು ಕರಗಿ ಗೂಡಿಗೆ ಅಂಟಿಕೊಂಡಿದ್ದರೆ ಸದ್ದೇ ಇಲ್ಲ. ಸದ್ದು ತಪ್ಪು ಕೇಳಿದರೆ ನೂಲು ತುಂಡು ತುಂಡು, ಆ ದಿನದ ಕೂಲಿ ಹೋಯ್ತು. ಇಪ್ಪತ್ತು ವರ್ಷ ಹಾಗೆ ಕೇಳಿ ಕೇಳಿ ಹದವಾದ ಕಿವಿ ಅದು. ನೂಲಿನ ಕೆಲಸ ಬಿಟ್ಟ ಮೇಲೆ ಅದೇ ಕಿವಿಯನ್ನು ನೆಲಕ್ಕೆ ತಂದಿದ್ದರು.

ಅವತ್ತೇ ಇನ್ನೊಂದು ಮಾತನ್ನೂ ಹೇಳಿದರು, ಗ್ಲಾಸು ಕೆಳಗಿಟ್ಟು, ನನ್ನ ಮುಖ ನೋಡದೆ. ಟೈಲು ಕತ್ತರಿಸುವ ಮಿಷನ್ನಿನ ಸದ್ದಿಗೆ ಅವರ ಬಲಗಿವಿ ಒಂದು ವರ್ಷದಿಂದ ಗುಂಯ್ ಅನ್ನುತ್ತಿತ್ತಂತೆ. ಹಿಂದಿನ ಕೆಲಸ ಗೌರಿಬಿದನೂರಿನಲ್ಲಿ. ಅಲ್ಲಿ ಅವರು ಬಡಿದು ಸರಿ ಅಂದ ಟೈಲುಗಳಲ್ಲಿ ಎರಡು ಪೊಳ್ಳು ಅಂತ ಆಮೇಲೆ ಗೊತ್ತಾಯಿತು. ನಮ್ಮ ಮನೆಯ ಕೆಲಸವನ್ನೂ ಹಿಡಿದಿದ್ದ ಕಂಟ್ರಾಕ್ಟರು ಎಲ್ಲರ ಮುಂದೆ ಅಂದ: ಕಿವಿ ಹೋದ ಮೇಸ್ತ್ರಿ ನಮಗೆ ಬೇಡ, ಇನ್ನೊಂದು ಮನೆ ನೋಡ್ತೀನಿ. ಆ ಒಂದು ಮನೆ ನಮ್ಮದು.

“ಅವನು ಅಂದಿದ್ದಕ್ಕಲ್ಲ ಟೀಚರಮ್ಮ. ನನಗೇ ನನ್ನ ಕಿವಿ ಮೇಲೆ ನಂಬಿಕೆ ಹೋದ್ರೆ, ಅವತ್ತೇ ಕರಣೆ ಕೆಳಗಿಡ್ತೀನಿ. ಇನ್ನೊಬ್ರ ಮನೇಲಿ ಪೊಳ್ಳು ಬಿಟ್ಟು ಬರೋ ಕೆಲಸ ನನ್ನ ಕೈಲಾಗಲ್ಲ.”

ಇದನ್ನೆಲ್ಲ ಕೇಳಿಸಿಕೊಂಡ ಮೇಲೂ ನಾನು ಮಾಡಿದ ಕೆಲಸ ನೋಡಿ.

ನಮ್ಮ ಅತ್ತೆಗೆ ಎಂಬತ್ತರ ಮೇಲೆ ವಯಸ್ಸು. ದಿಬ್ಬೂರಹಳ್ಳಿ ಕಡೆಯವರು. ಅವರ ಮನೆತನದಲ್ಲಿ ಒಂದು ಪದ್ಧತಿ, ಹೊಸ ಮನೆಯ ದೇವರಮನೆಯಲ್ಲಿ ದೀಪ ಇಡುವ ಜಾಗದ ಕೆಳಗೆ ಒಂದು ಹಿಡಿ ನವಧಾನ್ಯವನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ತಾಮ್ರದ ಕಾಸಿನ ಜೊತೆ ನೆಲದೊಳಗೆ ಇಡಬೇಕು. ದೀಪದ ಕೆಳಗೆ ಬೀಜ ಇದ್ದರೆ ಮನೆಯಲ್ಲಿ ಅನ್ನ ತಪ್ಪೋದಿಲ್ಲ ಅಂತ. ಅತ್ತೆ ಒಂದು ತಿಂಗಳಿನಿಂದ ಜ್ಞಾಪಿಸುತ್ತಿದ್ದರು. ನಾನು ಮೊದಲು ನಕ್ಕೆ, ಆಮೇಲೆ ರೇಗಿದೆ, ಗಣಿತ ಹೇಳಿಕೊಡೋಳ ಮನೆಯಲ್ಲಿ ಇದೆಲ್ಲ ಏನು ಅಂದೆ. ಅವರು ಗಂಟನ್ನು ಕಟ್ಟಿ ನನ್ನ ಬ್ಯಾಗಿನಲ್ಲಿ ಇಟ್ಟರು, ಅಷ್ಟೇ. ಆ ಮುದುಕಿಯ ಕೈ ನಡುಗುತ್ತಾ ಕಟ್ಟಿದ ಗಂಟನ್ನು ನೋಡಿದ ಮೇಲೆ ಇಡದೆ ಇರುವುದಕ್ಕೂ ಆಗಲಿಲ್ಲ, ಮೇಸ್ತ್ರಿಯ ಮುಂದೆ ಹೇಳಿ ಇಡಿಸುವುದಕ್ಕೂ ಆಗಲಿಲ್ಲ. ಅವರ ಆರು ಎಂಟು ಹತ್ತರ ಲೆಕ್ಕಕ್ಕೆ ಬೆರಗಾಗಿ, ಪ್ರಮೇಯದ ಬಗ್ಗೆ ಅಷ್ಟೆಲ್ಲ ವಿಚಾರಿಸಿದ ಟೀಚರು ಈಗ ಈ ಗಂಟು ತೆಗೆದರೆ ಏನಂದುಕೊಂಡಾರು ಅಂತ ನನ್ನ ಮರ್ಯಾದೆ ಅಡ್ಡ ಬಂತು.

ದೇವರಮನೆಯ ದಿನ. ಸಣ್ಣ ಕೋಣೆ, ಅಗಲಕ್ಕೆ ಎರಡು ಉದ್ದಕ್ಕೆ ಮೂರು, ಆರೇ ಟೈಲು. ದೀಪದ ಜಾಗದ ಟೈಲನ್ನು ಇಟ್ಟು ಎತ್ತಿ ನೋಡಿ ಗಾರೆಯನ್ನು ಸರಿಮಾಡಿ ಮುಗಿಸಿದ್ದರು, ಸಿಮೆಂಟಿನ ಹಾಲು ಸುರಿಯುವುದು ಬಾಕಿ. ಅಷ್ಟರಲ್ಲಿ ಇಬ್ಬರೂ ಟೀಗೆ ಹೋದರು. ನಾನು ಒಳಗೆ ನುಗ್ಗಿದೆ. ಚಮಚದಿಂದ ಗಾರೆಯ ಒಂದು ಮಗ್ಗುಲಿಗೆ ಗುಂಡಿ ತೋಡಿ, ಗಂಟನ್ನು ಇಟ್ಟು, ಮೇಲೆ ಗಾರೆ ಎಳೆದು, ಅಂಗೈಯಲ್ಲಿ ಒತ್ತಿ ಒತ್ತಿ ಮೊದಲಿನ ಹಾಗೇ ಮಾಡಿದೆ. ಕಳ್ಳತನ ಎಷ್ಟು ಸಲೀಸು ಅನ್ನಿಸಿತು. ಮೇಸ್ತ್ರಿ ಬಂದು ಹಾಲು ಸುರಿದು ಟೈಲು ಇಳಿಸಿದರು. ತಟ್ಟುವಾಗ ಒಂದು ಕ್ಷಣ ಸುತ್ತಿಗೆ ನಿಲ್ಲಿಸಿ ತಲೆ ವಾಲಿಸಿದರು, ನಾನು ಚಮಚವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಆಮೇಲೆ ಮತ್ತೆ ತಟ್ಟಿದರು. ರಸಮಟ್ಟದ ಗುಳ್ಳೆ ನಡುವೆ ನಿಂತಿತು. ಬಾಗಿಲಿಗೆ ಹಲಗೆ ಅಡ್ಡ ಇಟ್ಟು, ಒದ್ದೆ ಗೋಣಿ ಹಾಸಿ ಹೋದರು. ಸಾಯಂಕಾಲ ಅತ್ತೆಗೆ, ಗಂಟು ಇಟ್ಟೆ ಅಂತ ಹೇಳಿದೆ, ಅವರು ಕಣ್ಣು ಮುಚ್ಚಿ ಕೈ ಮುಗಿದರು.

ಮಾರನೆ ಬೆಳಿಗ್ಗೆ ಮನೆಯಲ್ಲಿ ಕಾಳು ನೆನೆಹಾಕಿದ ಪಾತ್ರೆಯ ಮುಚ್ಚಳ ತೆಗೆದೆ. ಕಡಲೆ ರಾತ್ರಿ ಅರ್ಧ ಪಾತ್ರೆ ಇತ್ತು, ಈಗ ಮುಚ್ಚಳವನ್ನೇ ಎತ್ತಿಕೊಂಡು ನಿಂತಿತ್ತು. ಓಡಿದೆ ಕಟ್ಟಡಕ್ಕೆ. ಹಲಗೆಯ ಮೇಲಿಂದ ಬಗ್ಗಿ ಒಂದು ಕೋಲಿನಿಂದ ಗೋಣಿ ಸರಿಸಿದೆ. ಗವಾಕ್ಷಿಯಿಂದ ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಐದು ಟೈಲಿನ ಮೇಲೆ ಬೆಳಕು ಒಂದೇ ಸಮ ಹರಿದಿತ್ತು. ದೀಪದ ಜಾಗದ ಟೈಲಿನ ಒಂದು ಅಂಚಿನಲ್ಲಿ ಮಾತ್ರ ದಾರದಷ್ಟು ತೆಳು ನೆರಳು.

ಹಳೆಯ ಕಾಲದ ಮನೆಗಳಲ್ಲಿ ಗಂಟು ಇಡುತ್ತಿದ್ದದ್ದು ಒಣ ಮಣ್ಣಿನಲ್ಲಿ, ಹಾಗಾಗಿ ಎಂದೂ ಏನೂ ಆಗಿರಲಿಲ್ಲ. ನಾನು ಇಟ್ಟದ್ದು ಹಸಿ ಸಿಮೆಂಟಿನಲ್ಲಿ. ಕಡಲೆ, ಅವರೆ, ಹೆಸರು, ಉದ್ದು ರಾತ್ರಿಯೆಲ್ಲ ನೀರು ಕುಡಿದು ಉಬ್ಬಿ, ಗಾರೆ ಗಟ್ಟಿಯಾಗುವ ಮೊದಲೇ ಟೈಲನ್ನು ಬೆನ್ನಿನ ಮೇಲೆ ಹೊತ್ತು ಎದ್ದಿದ್ದವು. ಅತ್ತೆ ಇದನ್ನು ತಿಳಿಯದೆ ಹೇಳಿದ್ದರು. ಆದರೆ ನಾನು? ದಿನಾ ರಾತ್ರಿ ಕಾಳು ನೆನೆಹಾಕುವವಳು.

ಆಗಲೇ ಹೇಳಬೇಕಿತ್ತು. ಹಾಲಿನಲ್ಲಿ ಮೇಸ್ತ್ರಿ ಗೋಡೆಯ ಬುಡಕ್ಕೆ ಪಟ್ಟಿ ಕೂರಿಸುತ್ತಲೇ ಇದ್ದರು, ಹತ್ತು ಹೆಜ್ಜೆ ದೂರ. ನಾನು ಹೇಳಲಿಲ್ಲ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅಂತಾರಲ್ಲ, ಹಾಗೆ ಎರಡು ದಿನ ಒದ್ದಾಡಿದೆ. ಇಷ್ಟು ಸಣ್ಣದು ಅವರಿಗೆ ಗೊತ್ತಾಗದೇ ಹೋಗಬಹುದು ಅಂತಲೂ ಆಸೆ ಪಟ್ಟೆ. ಅಂದರೆ ಅವರ ಕಿವಿ ಹೋಗಿರಲಿ ಅಂತ ಆಸೆ ಪಟ್ಟ ಹಾಗೆ. ಇದನ್ನು ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತೆ.

ಮೂರನೇ ದಿನ ಕಂಟ್ರಾಕ್ಟರೂ ಬಂದ. ಸಂದುಗಳಿಗೆ ಗ್ರೌಟ್ ತುಂಬುವ ಮೊದಲು ಮೇಸ್ತ್ರಿಯ ಪರೀಕ್ಷೆಯನ್ನು ಕಣ್ಣಾರೆ ನೋಡಬೇಕು ಅಂತ. ನಮ್ಮ ಯಜಮಾನರು ಅತ್ತೆಯನ್ನು ಕಾರಿನಲ್ಲಿ ಕರಕೊಂಡು ಬಂದಿದ್ದರು. ಮೇಸ್ತ್ರಿ ಹಾಲು, ಅಡಿಗೆಮನೆ, ರೂಮು ಎಲ್ಲ ಬಡಿದರು. ಗಟ್ಟಿ, ಗಟ್ಟಿ, ಗಟ್ಟಿ. ಕಂಟ್ರಾಕ್ಟರು ಅವರ ಹಿಂದೆಯೇ ಒಂದು ಕಬ್ಬಿಣದ ಸರಳು ಹಿಡಿದು ಬಡಿಯುತ್ತಾ ಬಂದ, ಅವನಿಗೂ ತಪ್ಪು ಸಿಗಲಿಲ್ಲ. ಬಚ್ಚಲಿನಲ್ಲಿ ಒಂದು ಚೆಂಬು ನೀರು ಸುರಿದರು, ನೀರು ಎಲ್ಲೂ ನಿಲ್ಲದೆ ಜಾಲರಿಗೆ ಹೋಯಿತು. ಕೊನೆಗೆ ದೇವರಮನೆ.

ಮೇಸ್ತ್ರಿ ಗೋಣಿ ಎತ್ತಿ ಒಳಗೆ ಮಂಡಿಯೂರಿದರು. ಐದು ಟೈಲು ಆಯಿತು. ಆರನೆಯದರ ಅಂಚಿಗೆ ಉಗುರು ಎಳೆದರು, ಉಗುರು ತಡೆಯಿತು. ಇನ್ನೊಂದು ಸಲ ಎಳೆದರು. ರಸಮಟ್ಟ ಇಟ್ಟರು, ಗುಳ್ಳೆ ಒಂದು ಪಕ್ಕಕ್ಕೆ ಹೋಗಿ ನಿಂತಿತು. ಬಿಲ್ಲೆಯಿಂದ ಬಡಿದರು. ತಲೆ ತಿರುಗಿಸಿ ಎಡಗಿವಿ ಕೊಟ್ಟು ಬಡಿದರು. ಆಮೇಲೆ ಬಲಗಿವಿ. ಆಮೇಲೆ ಟೈಲಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಲ್ಲಿ ಬಡಿದರು.

“ಕೂತಿಲ್ಲ,” ಅಂದರು. “ಆದ್ರೆ ಖಾಲಿನೂ ಅಲ್ಲ. ಒಳಗೆ ಏನೋ ಇದೆ. ಮೆತ್ತಗಿರೋದು.”

ಕಂಟ್ರಾಕ್ಟರು ನಕ್ಕುಬಿಟ್ಟ. ಏಮಯ್ಯಾ, ಗಾರೆಯೊಳಗೆ ಮೆತ್ತಗಿರೋದು ಏನಿರುತ್ತೆ, ಪೊಳ್ಳು ಅಂತ ಒಪ್ಪಿಕೋ ಅಂದ. ಕೂರಿಸಿದ ದಿನ ಮಟ್ಟ ಇತ್ತು ಅಂತ ಮೇಸ್ತ್ರಿ ಅಂದರೆ, ಮಟ್ಟ ಇದ್ದಿದ್ದರೆ ಈಗ ಹೇಗೆ ಎದ್ದಿತು, ತಾನೇ ಎದ್ದಿತಾ ಅಂತ ಕೇಳಿದ. ನಮ್ಮ ಯಜಮಾನರು ಹೋಗಲಿ ಬಿಡಿ, ಒಂದು ತಾನೇ ಅಂದರು. ಅದು ಇನ್ನೂ ಕೆಟ್ಟದಾಯಿತು.

ಮೇಸ್ತ್ರಿ ಬಿಲ್ಲೆಯನ್ನು ಪಂಚೆಯ ತುದಿಗೆ ಒರೆಸಿ ಒರೆಸಿ ಜೇಬಿಗೆ ಹಾಕಿಕೊಂಡರು. ಕರಣೆಯನ್ನು ತೊಳೆಯದೆಯೇ ಚೀಲಕ್ಕೆ ಇಟ್ಟರು. ಇಷ್ಟು ದಿನದಲ್ಲಿ ಅವರು ಕರಣೆ ತೊಳೆಯದೆ ಎತ್ತಿಟ್ಟದ್ದು ನಾನು ನೋಡಿಯೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಗಾದೆ ಹೇಳುತ್ತೇವೆ, ಇಲ್ಲಿ ಎತ್ತು ನಾನೇ, ಬರೆ ಬೀಳುತ್ತಿರುವುದು ನನ್ನ ಕಣ್ಣ ಮುಂದೆ. ಅತ್ತೆ ಬಾಗಿಲ ಹತ್ತಿರ ಕೂತು ನನ್ನನ್ನೇ ನೋಡುತ್ತಿದ್ದರು.

“ಅವರ ಕಿವಿ ಸರಿಯಾಗಿದೆ,” ಅಂದೆ. “ಗಂಟು ಇಟ್ಟಿದ್ದು ನಾನು.”

ಅಷ್ಟು ವರ್ಷ ಕ್ಲಾಸಿನಲ್ಲಿ ಕೂಗಾಡಿದ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂತು. ಆಮೇಲೆ ಎಲ್ಲ ಹೇಳಿದೆ. ಟೀಗೆ ಹೋದಾಗ ಇಟ್ಟದ್ದು, ಒಂಬತ್ತು ಬಗೆಯ ಕಾಳು, ತಾಮ್ರದ ಕಾಸು, ಬೆಳಿಗ್ಗೆ ಕಂಡ ನೆರಳು, ಎರಡು ದಿನ ಬಾಯಿ ಮುಚ್ಚಿಕೊಂಡದ್ದು. ಯಜಮಾನರು ಬಾಯಿ ತೆರೆದು ನೋಡುತ್ತಾ ನಿಂತರು. ಕಂಟ್ರಾಕ್ಟರು ಗೋಡೆ ನೋಡಿದ.

ಮೇಸ್ತ್ರಿ ನನ್ನ ಮೇಲೆ ರೇಗುತ್ತಾರೆ ಅಂತ ಕಾದೆ. ರೇಗಲಿ ಅಂತಲೂ ಬೇಡಿಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಸಿಮೆಂಟು ಮೆತ್ತಿದ ಕೈಯನ್ನು ನಿಧಾನವಾಗಿ ಎತ್ತಿ, ಬಲಗಿವಿಯ ಮೇಲೆ ಇಟ್ಟುಕೊಂಡರು.

“ಹಾಗಾದ್ರೆ ಕಿವಿ ಇದೆ,” ಅಂದರು. ಅವರ ಕಣ್ಣು ತುಂಬಿತ್ತು.

ಚೀಲದಿಂದ ಕರಣೆ ಮತ್ತೆ ಹೊರಗೆ ಬಂತು. ತೆಳ್ಳನೆಯ ಒಂದು ಪಟ್ಟಿಯನ್ನು ಟೈಲಿನ ಸಂದಿಗೆ ಇಳಿಸಿದರು, ನಾನು ಬೇಡವೇ ಬೇಡ ಅಂತ ಜಗಳ ಆಡಿದ್ದೆನಲ್ಲ, ಅದೇ ಎರಡು ಮಿಲಿಮೀಟರ್ ಸಂದಿಗೆ. ಸುತ್ತಲೂ ಎಳೆದರು, ಎದ್ದಿದ್ದ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಮೀಟಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಆ ಮನುಷ್ಯ ಬಿಚ್ಚುವುದಕ್ಕೂ ಕಟ್ಟುವಷ್ಟೇ ಹೊತ್ತು ತೆಗೆದುಕೊಂಡರು. ಟೈಲು ಇಡಿಯಾಗಿ ಎದ್ದು ಬಂತು. ಪಕ್ಕದವಕ್ಕೆ ಒಂದು ಚಕ್ಕೆಯೂ ಹೋಗಲಿಲ್ಲ.

ಕೆಳಗೆ ಗಂಟು ಮೂರರಷ್ಟಾಗಿ, ಬಟ್ಟೆಯ ನೇಯ್ಗೆ ಬಿರಿದು, ಉಬ್ಬಿದ ಕಡಲೆ ಅವರೆ ಎಲ್ಲ ಗಾರೆ ಸೀಳಿಕೊಂಡು ಮೇಲೆ ಬಂದಿದ್ದವು. ಮೆತ್ತಗಿದ್ದವು. ಗಾರೆ, ಅದರ ಮೇಲೆ ಎರಡಡಿಯ ಟೈಲು, ಇದರೊಳಗಿಂದ ಈ ಮನುಷ್ಯ ಒಂದು ಬಿಲ್ಲೆ ಬಡಿದು ಇದನ್ನು ಕೇಳಿಸಿಕೊಂಡಿದ್ದರು. ನನ್ನ ಅರಿವಿಲ್ಲದೆ ಕೈ ಜೋಡಿಸಿದ್ದೆ, ದೇವರು ಇನ್ನೂ ಬಂದಿರದ ಆ ದೇವರಮನೆಯಲ್ಲಿ.

ಮೇಸ್ತ್ರಿ ಕಾಳುಗಳನ್ನು ಒಂದೂ ಚೆಲ್ಲದ ಹಾಗೆ ಬೊಗಸೆಯಲ್ಲಿ ಆರಿಸಿ ಅತ್ತೆಯ ಸೆರಗಿಗೆ ಹಾಕಿದರು. ಕೇಳಿದ್ದರೆ ನಾನೇ ಇಡುತ್ತಿದ್ದೆ, ಎಷ್ಟೋ ಮನೆಯಲ್ಲಿ ಏನೇನೋ ಇಟ್ಟಿದ್ದೇನೆ, ಮುಚ್ಚಳ ಇರುವ ಪುಟ್ಟ ಹಿತ್ತಾಳೆ ಡಬ್ಬಿ ಇದ್ದರೆ ತನ್ನಿ ಅಮ್ಮ ಅಂದರು. ಒಣ ಕಾಳು ಕೊಡಿ, ನೀರು ಮುಟ್ಟಬಾರದು ಅಷ್ಟೇ. ಅತ್ತೆ ಕೈಚೀಲದಿಂದ ತಮ್ಮ ಅಂಗುಲದೆತ್ತರದ ಹಿತ್ತಾಳೆ ಕುಂಕುಮದ ಭರಣಿಯನ್ನೇ ತೆಗೆದು ಕೊಟ್ಟರು. ಮನೆಯಿಂದ ಮತ್ತೆ ಒಂಬತ್ತು ಬಗೆಯ ಕಾಳು ಬಂತು, ಅದೇ ಕಾಸನ್ನು ತೊಳೆದು ಒರೆಸಿ ಹಾಕಿದ್ದಾಯಿತು. ಮೇಸ್ತ್ರಿ ಮುಚ್ಚಳಕ್ಕೆ ಮೇಣ ಕರಗಿಸಿ ಬಿಗಿ ಮಾಡಿದರು. ಹಳೆಯ ಗಾರೆಯನ್ನು ಗಟ್ಟಿ ಸಿಗುವ ತನಕ ಕೆತ್ತಿ ತೆಗೆದು, ನೀರು ಚಿಮುಕಿಸಿ, ಹೊಸ ಗಾರೆಯ ನಡುವೆ ಭರಣಿಯನ್ನು ಕೂರಿಸಿ ಸುತ್ತಲೂ ಮೇಲೂ ತುಂಬಿ ಒತ್ತಿದರು. ಟೈಲು ಇಟ್ಟು, ಎತ್ತಿ ನೋಡಿ, ಹಾಲು ಸುರಿದು, ಇಳಿಸಿದರು. ಕಡ್ಡಿ ಸಿಕ್ಕಿಸಿದರು. ಗುಳ್ಳೆ ನಡುವೆ ನಿಂತಿತು.

ಕಂಟ್ರಾಕ್ಟರು ಹೊರಡುವಾಗ, ಚಿಕ್ಕಬಳ್ಳಾಪುರದಲ್ಲಿ ಸೋಮವಾರದಿಂದ ಒಂದು ಮನೆ ಇದೆ ಅಂತ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಗುರುವಾರದಿಂದ ಬರ್ತೀನಿ ಅಂದರು. ಯಾಕೆ ಅಂತ ನನಗೆ ಬುಧವಾರ ಗೊತ್ತಾಯಿತು. ಆ ಒಂದು ಟೈಲನ್ನು ಬಡಿಯುವುದಕ್ಕೆ ಅಂತಲೇ ಶಿಡ್ಲಘಟ್ಟದಿಂದ ಬಸ್ಸು ಹತ್ತಿ ಬಂದಿದ್ದರು. ಮಂಡಿಯೂರಿ, ಬಿಲ್ಲೆ ತೆಗೆದು, ನಾಲ್ಕು ಮೂಲೆ ಬಡಿದರು. ನಡುವೆ ಬಡಿದರು. ಕಣ್ಣು ಮುಚ್ಚಿ ಇನ್ನೊಂದು ಸಲ ನಡುವೆ ಬಡಿದರು, ಮುಖದಲ್ಲಿ ಸಣ್ಣಗೆ ನಗು ಬಂತು.

“ತುಂಬಿದೆ. ಡಬ್ಬಿನೂ ಇದೆ. ಕೇಳುಸ್ತಾ ಇದೆ.”

ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟು ನೀವೂ ಕೇಳಿ ಅಂದರು. ನಾನು ಮಂಡಿಯೂರಿ ಬಡಿದೆ. ಮೂಲೆಗೆ ಬಡಿದೆ, ನಡುವೆ ಬಡಿದೆ, ಕಿವಿಯನ್ನು ನೆಲಕ್ಕೇ ಹಚ್ಚಿ ಬಡಿದೆ. ಈಗಲೂ ನೆಲ ಒರೆಸುವಾಗ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿ ನೋಡುತ್ತೇನೆ. ನನಗೆ ಎಲ್ಲ ಕಡೆಯೂ ಒಂದೇ ಥರ ಕೇಳಿಸುತ್ತೆ.